ಗುಂಡಿನ ಉದ್ದ ನೋಡಿ ನಳಿಗೆಯ ಟ್ವಿಸ್ಟ್ ಆರಿಸುವುದು ಹೇಗೆ?

ಧಾರವಾಡದಲ್ಲಿ ನಾವು ಕೆಲವರು ಅಭ್ಯಾಸ ಮಾಡುವ ಶೂಟಿಂಗ್ ರೇಂಜಿಗೆ ಗದಗಿನ ಯುವಕನೊಬ್ಬ .22 ರೈಫಲ್ಲಿಗೆಂದು 60 ಗ್ರೇನ್ ತೂಕದ ಗುಂಡಿರುವ ತೋಟಾಗಳನ್ನು ತಂದಿದ್ದ. ಅದೇ ರೈಫಲ್ಲಿನಿಂದ 40 ಗ್ರೇನಿನ ಸಾಮಾನ್ಯ ಗುಂಡು ಹಾರಿಸಿದಾಗ ಹಾಳೆಯ ಮೇಲೆ ಚೊಕ್ಕ ದುಂಡನೆಯ ತೂತು ಬೀಳುತ್ತಿತ್ತು. 60 ಗ್ರೇನಿನ ಗುಂಡು ಮಾತ್ರ 50 ಮೀಟರ್ ದೂರದಲ್ಲಿ ಹಾಳೆಯನ್ನು ಉದ್ದುದ್ದಕ್ಕೆ ಸೀಳಿತ್ತು, ಒಂದು ತೂತಿನಲ್ಲಂತೂ ಗುಂಡಿನ ಪಕ್ಕದ ಆಕಾರವೇ ಅಚ್ಚೊತ್ತಿದಂತೆ ಕಾಣುತ್ತಿತ್ತು. ಇಂಥ ತೂತಿಗೆ ಕೀಹೋಲ್ ಎನ್ನುತ್ತಾರೆ. ಗುಂಡು ಮೂತಿ ಮುಂದಾಗಿ ಬಾರದೆ ಅಡ್ಡಲಾಗಿ ಬಂದು ಬಡಿದಿದೆ ಎಂದು ಅದರ ಅರ್ಥ.

“ತೂಕ ಜಾಸ್ತಿ ಆದ್ರ ಬಿಗಿ ಟ್ವಿಸ್ಟ್ ಬೇಕಂತಾರಲ್ರಿ ಸರ್, ಅದಕ್ಕ ಹಿಂಗಾತೇನ್ರಿ?” ಎಂದು ಅವನು ಕೇಳಿದ. ಅವನ ಮಾತು ಅರ್ಧ ಸರಿ. “ಮೊದಲ ಉದ್ದ ನೋಡಪಾ, ತೂಕ ಆಮೇಲೆ” ಎಂದೆ. ಈ ಲೇಖನ ಆ ಉತ್ತರದ ವಿಸ್ತರಣೆ.

ರೈಫಲ್ ನಳಿಗೆಯ ಒಳಗೋಡೆಯಲ್ಲಿ ಸುರುಳಿಯಾಕಾರದ ತೋಡುಗಳಿರುತ್ತವೆ. ಗುಂಡು ಅವುಗಳಲ್ಲಿ ಕಚ್ಚಿಕೊಂಡು ತಿರುಗುತ್ತಲೇ ಹೊರಬೀಳುತ್ತದೆ. ಒಂದು ಪೂರ್ಣ ಸುತ್ತಿಗೆ ಗುಂಡು ನಳಿಗೆಯಲ್ಲಿ ಎಷ್ಟು ಇಂಚು ಮುಂದೆ ಹೋಗುತ್ತದೆಯೋ ಅದೇ ಆ ನಳಿಗೆಯ ಟ್ವಿಸ್ಟ್. 12 ಇಂಚಿನ ಟ್ವಿಸ್ಟ್ ಎಂದರೆ 12 ಇಂಚಿಗೆ ಒಂದು ಸುತ್ತು. 7 ಇಂಚಿನದು ಅದಕ್ಕಿಂತ ಬಿಗಿಯಾದ ಸುರುಳಿ, ಅಂದರೆ ಹೆಚ್ಚು ವೇಗದ ತಿರುಗಾಟ. ಸೆಕೆಂಡಿಗೆ 3000 ಅಡಿ ವೇಗದಲ್ಲಿ 12 ಇಂಚಿನ ನಳಿಗೆಯಿಂದ ಹೊರಟ ಗುಂಡು ಸೆಕೆಂಡಿಗೆ 3000 ಸುತ್ತು ತಿರುಗುತ್ತಿರುತ್ತದೆ.

ಇಷ್ಟು ತಿರುಗಾಟ ಏಕೆ ಬೇಕೆಂದರೆ, ಚೂಪು ಮೂತಿಯ ಗುಂಡಿನ ಭಾರವೆಲ್ಲ ಹಿಂಭಾಗದ ಕಡೆಗಿದ್ದು, ಗಾಳಿಯ ಒತ್ತಡ ಮಾತ್ರ ಅದಕ್ಕಿಂತ ಮುಂದೆ, ಮೂತಿಯ ಹತ್ತಿರ ಬೀಳುತ್ತದೆ. ಆದ್ದರಿಂದ ಗಾಳಿಯು ಗುಂಡನ್ನು ಸದಾ ಮಗುಚಿ ಹಾಕಲು ನೋಡುತ್ತದೆ. ಅದನ್ನು ತಡೆದು ನಿಲ್ಲಿಸುವುದು ತಿರುಗಾಟ ಒಂದೇ, ನಿಂತ ಬುಗುರಿ ಉರುಳುತ್ತದೆ, ತಿರುಗುವ ಬುಗುರಿ ನಿಲ್ಲುತ್ತದೆ. ಗಿಡ್ಡ ಬುಗುರಿ ನಿಧಾನವಾಗಿ ತಿರುಗಿದರೂ ನಿಂತೀತು, ಅದೇ ದಪ್ಪದ ಎತ್ತರದ ಬುಗುರಿಗೆ ಬಲವಾಗಿ ಜಾಟಿ ಎಳೆಯಬೇಕು. ಗುಂಡು ಉದ್ದವಾದಷ್ಟೂ ಗಾಳಿಗೆ ಅದನ್ನು ಮಗುಚಲು ಸಿಗುವ ಸನ್ನೆಕೋಲು ಉದ್ದವಾಗುತ್ತದೆ, ತಿರುಗಾಟದ ಹಿಡಿತ ಮಾತ್ರ ಅದೇ ದಪ್ಪಕ್ಕೆ ಸೀಮಿತವಾಗಿ ಉಳಿಯುತ್ತದೆ. ತೂಕದ ಮಾತು ಬರುವುದು ಏಕೆಂದರೆ, ಒಂದೇ ಕ್ಯಾಲಿಬರಿನಲ್ಲಿ ದಪ್ಪ ಹೆಚ್ಚಿಸಲು ಬಾರದ ಕಾರಣ ಹೆಚ್ಚು ತೂಕದ ಗುಂಡು ಸಾಮಾನ್ಯವಾಗಿ ಉದ್ದವೂ ಆಗಿರುತ್ತದೆ.

ಮೊದಲ ಹೆಜ್ಜೆ ನಿಮ್ಮ ನಳಿಗೆಯ ಟ್ವಿಸ್ಟ್ ಅಳೆಯುವುದು. ರೈಫಲ್ಲಿನಲ್ಲಿ ತೋಟಾ ಇಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು ಬೋಲ್ಟ್ ತೆಗೆದು ಪಕ್ಕಕ್ಕಿಡಿ. ಹಿಡಿಕೆ ಹಿಡಿದಿದ್ದರೂ ಸರಳು ತನ್ನಷ್ಟಕ್ಕೆ ತಿರುಗುವಂಥ ಕ್ಲೀನಿಂಗ್ ರಾಡ್ ತೆಗೆದುಕೊಂಡು, ಅದರ ತುದಿಗೆ ಬಿಗಿಯಾಗಿ ಕೂರುವಂತೆ ಬಟ್ಟೆ ಸಿಕ್ಕಿಸಿ ನಳಿಗೆಯೊಳಗೆ ಸ್ವಲ್ಪ ದೂರ ತಳ್ಳಿ. ನಳಿಗೆಯ ಅಂಚಿನ ನೇರಕ್ಕೆ ರಾಡಿನ ಮೇಲೆ ಒಂದು ಗುರುತು, ರಾಡಿನ ಮೇಲ್ಮುಖದಲ್ಲಿ ಇನ್ನೊಂದು ಗುರುತು ಹಾಕಿ. ನಿಧಾನವಾಗಿ ತಳ್ಳುತ್ತ ಹೋಗಿ ಮೇಲ್ಮುಖದ ಗುರುತು ಒಂದು ಸುತ್ತು ಮುಗಿಸಿ ಮತ್ತೆ ಮೇಲೆ ಬಂದಾಗ ನಿಲ್ಲಿಸಿ, ರಾಡ್ ಒಳಗೆ ಹೋದ ದೂರವನ್ನು ಅಳೆಯಿರಿ. ಬಟ್ಟೆ ಸಡಿಲವಾಗಿ ಜಾರಿದರೆ ಅಳತೆ ಇರುವುದಕ್ಕಿಂತ ಹೆಚ್ಚು ಬರುತ್ತದೆ, ಆದ್ದರಿಂದ ಮೂರು ಸಲ ಅಳೆದು ಮೂರೂ ಹೊಂದುತ್ತವೆಯೇ ಎಂದು ನೋಡುವುದು ಒಳ್ಳೆಯದು. ಅಂದು ನಾವು ಅಳೆದ .22 ರೈಫಲ್ 16 ಇಂಚು ತೋರಿಸಿತು. ಬಹುತೇಕ .22 ರೈಫಲ್ಲುಗಳ ಟ್ವಿಸ್ಟ್ ಇದೇ, 40 ಗ್ರೇನಿನ ಗಿಡ್ಡ ಗುಂಡಿಗೆ ಹೊಂದಿಸಿದ್ದು. 60 ಗ್ರೇನಿನ ಗುಂಡಿಗೆ 9 ಇಂಚಿನಷ್ಟು ಬಿಗಿ ಬೇಕಾಗುತ್ತದೆ.

ಎರಡನೆಯ ಹೆಜ್ಜೆ ಗುಂಡಿನ ಉದ್ದ. ತೋಟಾದ ಉದ್ದವಲ್ಲ, ಗುಂಡಿನದು ಮಾತ್ರ. ಬಿಡಿ ಗುಂಡು ಕೈಯಲ್ಲಿದ್ದರೆ ವರ್ನಿಯರ್ ಕ್ಯಾಲಿಪರ್ ಸಾಕು, ಇಲ್ಲದಿದ್ದರೆ ತಯಾರಕರು ಕೊಟ್ಟ ಅಳತೆ ನೋಡಬೇಕು. ತೋಟಾ ಬಿಚ್ಚಲು ಹೋಗಬೇಡಿ.

ಮೂರನೆಯ ಹೆಜ್ಜೆ ಲೆಕ್ಕ. 1879ರಲ್ಲಿ ಬ್ರಿಟನ್ನಿನ ಗಣಿತಜ್ಞ ಗ್ರೀನ್‌ಹಿಲ್ ಕೊಟ್ಟ ಸರಳ ಸೂತ್ರ ಇಂದಿಗೂ ಬಳಕೆಯಲ್ಲಿದೆ, ಆದರೆ ಉದ್ದನೆಯ ಇಂದಿನ ಗುಂಡುಗಳಿಗೆ ಡಾನ್ ಮಿಲ್ಲರ್ ರೂಪಿಸಿದ ಸೂತ್ರವೇ ನನಗೆ ಹೆಚ್ಚು ನಂಬಿಕೆಯದು.

```
S = 30*m / (t^2 * d^3 * l * (1 + l^2))
```

ಇಲ್ಲಿ m ಗ್ರೇನುಗಳಲ್ಲಿ ತೂಕ, d ಇಂಚಿನಲ್ಲಿ ಗುಂಡಿನ ದಪ್ಪ. ಟ್ವಿಸ್ಟ್ ಮತ್ತು ಉದ್ದ ಎರಡನ್ನೂ ದಪ್ಪದಿಂದ ಭಾಗಿಸಿದಾಗ ಬರುವ ಸಂಖ್ಯೆಗಳು t ಮತ್ತು l. ಉತ್ತರ 1ಕ್ಕಿಂತ ಕಡಿಮೆಯಿದ್ದರೆ ಗುಂಡು ಮಗುಚುತ್ತದೆ, 1.4ರ ಆಸುಪಾಸು ಅಥವಾ ಅದಕ್ಕಿಂತ ಹೆಚ್ಚಿದ್ದರೆ ನಿಶ್ಚಿಂತೆ.

ಇದನ್ನು ಅಮೆರಿಕದ ಎಂ-16 ರೈಫಲ್ಲಿನ ಮೇಲೆ ಹಚ್ಚಿ ನೋಡೋಣ. ಗುಂಡಿನ ದಪ್ಪ 0.224 ಇಂಚು. ಹಳೆಯ 55 ಗ್ರೇನಿನ ಗುಂಡಿನ ಉದ್ದ ಸುಮಾರು 0.74 ಇಂಚು. 12 ಇಂಚಿನ ಟ್ವಿಸ್ಟಿನಲ್ಲಿ ಉತ್ತರ ಸುಮಾರು 1.3 ಬರುತ್ತದೆ. ಮೊದಲು ಆ ರೈಫಲ್ಲಿಗೆ 14 ಇಂಚಿನ ಟ್ವಿಸ್ಟ್ ಇತ್ತು, ಅದಕ್ಕೆ ಲೆಕ್ಕ ಹಾಕಿದರೆ 1ರ ಅಂಚಿನಲ್ಲೇ ನಿಲ್ಲುತ್ತದೆ. ಕೊರೆಯುವ ಚಳಿಯಲ್ಲಿ ಗಾಳಿ ದಟ್ಟವಾದಾಗ ಗುಂಡು ಸ್ಥಿರವಾಗಿ ಹಾರದೆ ಗುರಿ ಕೆಟ್ಟದ್ದನ್ನು ಕಂಡು 1963ರಲ್ಲಿ ಅದನ್ನು 12 ಇಂಚಿಗೆ ಬಿಗಿಗೊಳಿಸಿದರು.

ಮುಂದೆ ಬಂದ 62 ಗ್ರೇನಿನ ಗುಂಡಿನ ಮೂತಿಯೊಳಗೆ ಉಕ್ಕಿನ ತುಂಡಿದೆ. ಉಕ್ಕು ಸೀಸಕ್ಕಿಂತ ಹಗುರವಾದ್ದರಿಂದ ಅಷ್ಟೇ ತೂಕಕ್ಕೆ ಹೆಚ್ಚು ಜಾಗ ಬೇಕು, ಹೀಗಾಗಿ ಉದ್ದ ಸುಮಾರು 0.906 ಇಂಚಿಗೆ ಬೆಳೆಯಿತು. ತೂಕ ಏರಿದ್ದು ನೂರಕ್ಕೆ 13ರಷ್ಟು, ಉದ್ದ ಏರಿದ್ದು 22ರಷ್ಟು. ಆದರೆ ಸೂತ್ರದಲ್ಲಿ ಉದ್ದ ಹೆಚ್ಚುಕಡಿಮೆ ಮೂರು ಸಲ ಗುಣಿಸಿಕೊಳ್ಳುವುದರಿಂದ, ಅದರ ಭಾಗ, ಅಂದರೆ l * (1 + l^2), 39ರಿಂದ 70ಕ್ಕೆ ಜಿಗಿಯುತ್ತದೆ. 12 ಇಂಚಿನ ನಳಿಗೆಯಲ್ಲಿ ಉತ್ತರ 0.82ಕ್ಕೆ ಕುಸಿಯುತ್ತದೆ, ಅಂದರೆ ಕೀಹೋಲ್ ಖಚಿತ. 9 ಇಂಚಿನಲ್ಲಿ ಅದೇ ಗುಂಡಿಗೆ 1.46 ಬರುತ್ತದೆ, ಸಾಕಷ್ಟಾಯಿತು. ಆದರೂ ಸೇನೆಯು 7 ಇಂಚು ಆರಿಸಿತು, ಏಕೆಂದರೆ ಅದರ ಜೊತೆಯ ಬೆಳಕು ಸೂಸುವ ಟ್ರೇಸರ್ ಗುಂಡು ಇನ್ನೂ ಉದ್ದವಾಗಿತ್ತು. ತೂಕದಲ್ಲಿ ಎರಡಕ್ಕೂ ಎರಡು ಗ್ರೇನಿನಷ್ಟೂ ಅಂತರವಿಲ್ಲ ಎಂಬುದನ್ನು ಗಮನಿಸಿದರೆ ಉದ್ದದ ಮಹತ್ವ ತಾನಾಗಿ ತಿಳಿಯುತ್ತದೆ. ಸೀಸವಿಲ್ಲದ ಪೂರ್ಣ ತಾಮ್ರದ ಗುಂಡುಗಳಿಗೂ ಇದೇ ಕಾರಣಕ್ಕೆ ಬಿಗಿ ಟ್ವಿಸ್ಟ್ ಬೇಕು.

ಹಾಗಾದರೆ ಎಲ್ಲಕ್ಕೂ ಬಿಗಿಯನ್ನೇ ಆರಿಸಬಾರದೇಕೆ? ಸ್ವಲ್ಪ ಹೆಚ್ಚಾದರೆ ಹಾನಿಯಿಲ್ಲ. ಆದರೆ ತೆಳು ಕವಚದ ಹಗುರ ಗುಂಡನ್ನು 7 ಇಂಚಿನ ನಳಿಗೆಯಿಂದ ಅತಿ ವೇಗದಲ್ಲಿ ಬಿಟ್ಟರೆ ತಿರುಗಾಟದ ಸೆಳೆತಕ್ಕೆ ಅದು ಗಾಳಿಯಲ್ಲೇ ಚೂರಾಗಬಹುದು. ಆಗ ಹಾಳೆಯಲ್ಲಿ ತೂತೇ ಬೀಳುವುದಿಲ್ಲ.

ಕೊನೆಯ ಹೆಜ್ಜೆ ಹಾಳೆಯ ಪರೀಕ್ಷೆ. ಕೀಹೋಲ್ ಕಂಡ ಮಾತ್ರಕ್ಕೆ ಟ್ವಿಸ್ಟನ್ನೇ ದೂರಬೇಡಿ. ಸವೆದ ನಳಿಗೆ, ಪೆಟ್ಟು ತಿಂದ ನಳಿಗೆಯ ಬಾಯಿ, ನಳಿಗೆಗಿಂತ ಸಣ್ಣ ದಪ್ಪದ ಗುಂಡು ಇವುಗಳಿಂದಲೂ ಅದೇ ಗುರುತು ಬೀಳುತ್ತದೆ. ಅದೇ ರೈಫಲ್ಲಿನಿಂದ ಗಿಡ್ಡ ಗುಂಡು ಹಾರಿಸಿ ನೋಡಿ. ಅದೂ ಅಡ್ಡ ಬಿದ್ದರೆ ದೋಷ ನಳಿಗೆಯದು, ಅದು ದುಂಡಗೆ ಬಿದ್ದು ಉದ್ದದ್ದು ಮಾತ್ರ ಅಡ್ಡ ಬಿದ್ದರೆ ಟ್ವಿಸ್ಟ್ ಸಾಲದಾಗಿದೆ. ಸೂತ್ರದ ಉತ್ತರ 1.1ರ ಆಸುಪಾಸು ಇದ್ದಾಗ ಇನ್ನೊಂದು ಎಚ್ಚರ ಬೇಕು. ಧಾರವಾಡ ಸಮುದ್ರ ಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದ್ದು ಇಲ್ಲಿನ ಗಾಳಿ ತುಸು ತೆಳು. ಇಲ್ಲಿ ಬೇಸಿಗೆಯ ಮಧ್ಯಾಹ್ನ ದುಂಡನೆಯ ತೂತು ಕೊಟ್ಟ ಗುಂಡು, ತಗ್ಗಿನ ಊರಿನ ರೇಂಜಿನಲ್ಲಿ ಚಳಿಗಾಲದ ಬೆಳಗಿನ ದಟ್ಟ ಗಾಳಿಗೆ ಓಲಾಡಬಹುದು. ಆದ್ದರಿಂದ ಸ್ಪರ್ಧೆಗೆ ಹೋಗುವ ಊರಿನಲ್ಲಿ ಅಭ್ಯಾಸದ ಮೊದಲ ಹಾಳೆಯ ಅಂಚುಗಳನ್ನು ಹತ್ತಿರದಿಂದ ನೋಡಿಕೊಳ್ಳಿ.