ತಿಂಗಳು ಎಣಿಸಬೇಡಿ, ಟೇಪ್ ಹಿಡಿಯಿರಿ: ಕಡಸು ಬೆಳೆಸಿದ ನನ್ನ ಅನುಭವ

ಕೋಲಾರದ ಕಡೆ ನಮ್ಮದು ಚಿಕ್ಕ ಕೊಟ್ಟಿಗೆ, ಇರೋದೆಲ್ಲ ಎಚ್‌ಎಫ್ ಮಿಶ್ರತಳಿ. ಕಡಸಿಗೆ ಗಬ್ಬದ ಇಂಜೆಕ್ಷನ್ ಯಾವಾಗ ಹಾಕಿಸಬೇಕು ಅಂತ ಕೇಳಿದರೆ ಹೆಚ್ಚಿನವರು ತಿಂಗಳ ಲೆಕ್ಕ ಹೇಳುತ್ತಾರೆ. ನಾನು ನೋಡೋದು ತೂಕ. ತಾಯಿ ಹಸುವಿನ ತೂಕದ ಶೇಕಡಾ 60 ಮುಟ್ಟಿದ ಮೇಲೆಯೇ ಹಾಕಿಸುತ್ತೇನೆ. ನಮ್ಮ ದೊಡ್ಡ ಹಸುಗಳು 420 ಕೆಜಿ ಆಸುಪಾಸು ತೂಗುತ್ತವೆ, ಹಾಗಾಗಿ ಕಡಸು 250 ಕೆಜಿ ದಾಟಬೇಕು. ಜೆರ್ಸಿ ಮಿಶ್ರತಳಿ ಚಿಕ್ಕ ಮೈಯದು, ಅದಕ್ಕೆ 200ರಿಂದ 220 ಕೆಜಿ ಸಾಕು.

ತಕ್ಕಡಿ ಯಾರ ಮನೆಯಲ್ಲೂ ಇರಲ್ಲ, ಅಲ್ವಾ? ದರ್ಜಿಯ ಟೇಪ್ ಸಾಕು. ಬೆಳಿಗ್ಗೆ ಮೇವು, ನೀರು ಕೊಡುವ ಮೊದಲು ಕಡಸನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಮುಂಗಾಲಿನ ಹಿಂದೆಯೇ ಎದೆಯ ಸುತ್ತಳತೆ ತೆಗೆಯಿರಿ. ಟೇಪ್ ಬಿಗಿಯಾಗಿ ಮೈಗೆ ತಾಗಿರಲಿ, ಒತ್ತಬಾರದು. ಆಮೇಲೆ ಭುಜದ ಮುಂದಿನ ಮೂಳೆಯಿಂದ ಬಾಲದ ಪಕ್ಕದ ಮೂಳೆಯವರೆಗೆ ಉದ್ದ. ಎರಡೂ ಇಂಚಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕೆಜಿ ಬರುತ್ತದೆ. ಇದು ಅಂದಾಜು ಲೆಕ್ಕವೇ. ಆದರೆ ತಿಂಗಳಿಗೊಮ್ಮೆ ಒಬ್ಬರೇ ಅಳೆದರೆ ಬೆಳವಣಿಗೆ ಎಲ್ಲಿ ನಿಂತಿತು ಅನ್ನೋದು ತಪ್ಪದೆ ಗೊತ್ತಾಗುತ್ತದೆ.

ನಮ್ಮ ಗೌರಿಯ ಲೆಕ್ಕ ಹೇಳುತ್ತೇನೆ. ಮೂರು ತಿಂಗಳಿಗೆ ಹಾಲು ಬಿಡಿಸಿದಾಗ ಸುತ್ತಳತೆ 38, ಉದ್ದ 34, ಅಂದರೆ ಸುಮಾರು 74 ಕೆಜಿ. ದಿನಕ್ಕೆ ಅರ್ಧ ಕೆಜಿ ಕೂಡಿದರೆ ತಿಂಗಳಿಗೆ 15 ಕೆಜಿ, ಇನ್ನೊಂದು ವರ್ಷಕ್ಕೆ 250 ದಾಟುತ್ತದೆ. ಅದೇ ದಿನಕ್ಕೆ 300 ಗ್ರಾಂ ಮಾತ್ರ ಬೆಳೆದರೆ ಆ ತೂಕಕ್ಕೆ ಸುಮಾರು ಎರಡು ವರ್ಷ ವಯಸ್ಸಾಗುತ್ತದೆ. ಅಷ್ಟೂ ದಿನ ಸುಮ್ನೆ ಮೇವು ಹಾಕುತ್ತಿರಬೇಕು.

ಕರು ಹಿಂದೆ ಬೀಳೋದು ಹಾಲು ಬಿಟ್ಟ ಮೇಲಿನ ಮೂರು ತಿಂಗಳಲ್ಲೇ. ಹಾಲು ಕೊಡದ ಕರು ಅಂತ ಮೂಲೆಗೆ ಕಟ್ಟಿ ರಾಗಿ ಹುಲ್ಲು ಎಸೆಯುತ್ತಾರೆ. ಆ ವಯಸ್ಸಿನ ಹೊಟ್ಟೆಗೆ ಒಣಹುಲ್ಲಿನಿಂದ ಮೈ ಕಟ್ಟುವ ಶಕ್ತಿ ಇಲ್ಲ. ಹೊಟ್ಟೆ ಡೊಳ್ಳಾಗಿ ಜೋತು, ಬೆನ್ನು ಚೂಪಾಗಿ, ಕೂದಲು ಒರಟಾದರೆ ಮೇವು ಸಾಲದು ಅಥವಾ ಜಂತುಹುಳು ಇದೆ ಅಂತ ತಿಳಿಯಿರಿ. ಕರು ದಿನಕ್ಕೆ ಒಂದು ಕೆಜಿ ಹಿಂಡಿ ತಿನ್ನೋಕೆ ಶುರುಮಾಡಿದ ಮೇಲೆ ನಾನು ಎರಡು ವಾರದಲ್ಲಿ ನಿಧಾನವಾಗಿ ಹಾಲು ಬಿಡಿಸುತ್ತೇನೆ. ಹತ್ತು ಕೆಜಿ ಮಿಶ್ರಣಕ್ಕೆ ಮೆಕ್ಕೆಜೋಳದ ನುಚ್ಚು ನಾಲ್ಕು ಕೆಜಿ, ಕಡಲೆಕಾಯಿ ಹಿಂಡಿ ಮೂರು, ಗೋಧಿ ಬೂಸಾ 2.7 ಕೆಜಿ, ಖನಿಜ ಮಿಶ್ರಣ 200 ಗ್ರಾಂ, ಉಪ್ಪು 100 ಗ್ರಾಂ. ಆರು ತಿಂಗಳವರೆಗೆ ಇದನ್ನು ದಿನಕ್ಕೆ ಒಂದೂವರೆ ಕೆಜಿವರೆಗೆ ಏರಿಸುತ್ತೇನೆ. ಜೊತೆಗೆ ಎಳೆಯ ಸೀಮೆಹುಲ್ಲು, ಅಲಸಂದೆ ಸೊಪ್ಪು. ಆಮೇಲೆ ಎರಡು ಕೆಜಿ ಸಾಕು, ಹಸಿ ಮೇವು ಜಾಸ್ತಿ ಮಾಡಬೇಕು. ಕಂದು ರೋಗದ ಲಸಿಕೆ ಹೆಣ್ಣುಕರುವಿಗೆ 4ರಿಂದ 8 ತಿಂಗಳ ಒಳಗೆ ಒಂದೇ ಸಲ, ಅದು ತಪ್ಪಬಾರದು.

ಹಾಗಂತ ಹಿಂಡಿ ಸುರಿಯಲೂಬಾರದು. ಬೆದೆಗೆ ಬರುವ ಮೊದಲು ದಿನಕ್ಕೆ 800 ಗ್ರಾಂ ಮೀರಿ ಬೆಳೆದರೆ ಕೆಚ್ಚಲಲ್ಲಿ ಹಾಲಿನ ಗ್ರಂಥಿಯ ಬದಲು ಕೊಬ್ಬು ಕೂರುತ್ತದೆ. ಬಾಲದ ಬುಡದಲ್ಲಿ ಮೆತ್ತನೆ ಕೊಬ್ಬಿನ ಗಡ್ಡೆ ಕೈಗೆ ಸಿಕ್ಕರೆ ಹಿಂಡಿ ಕಡಿಮೆ ಮಾಡುತ್ತೇನೆ.

ಗೌರಿ ಆರು ತಿಂಗಳಿಗೆ 114, ವರ್ಷಕ್ಕೆ 207 ಕೆಜಿ ಇದ್ದಳು. ವರ್ಷ ತುಂಬುವ ಮೊದಲೇ ಬೆದೆಗೆ ಬಂದಳು. ಬಂತಲ್ಲ, ಹಾಕಿಸಿಬಿಡು ಅಂದರು ಮನೆಯವರು. ನಾನು ಒಪ್ಪಲಿಲ್ಲ. ಅಷ್ಟು ಚಿಕ್ಕ ಮೈಗೆ ಗಬ್ಬ ನಿಂತರೆ ಕರು ಹಾಕುವಾಗ ಸಿಕ್ಕಿಕೊಳ್ಳುವ ಭಯ, ಹಾಲೂ ಕಡಿಮೆ, ಮತ್ತೆ ಬೆದೆಗೆ ಬರೋದೂ ತಡ. ಆದರೆ ತಾರೀಖು ಬರೆದಿಟ್ಟೆ, ಸುಮಾರು 21 ದಿನಕ್ಕೊಮ್ಮೆ ಬೆದೆ ಸರಿಯಾಗಿ ತಿರುಗುತ್ತಿದೆಯಾ ಅಂತ ನೋಡಿದೆ. ಹದಿನೈದು ತಿಂಗಳಿಗೆ ಸುತ್ತಳತೆ 58, ಉದ್ದ 50 ಬಂತು. 58 ಗುಣಿಸು 58, ಅದನ್ನು 50ರಿಂದ ಗುಣಿಸಿ 660ರಿಂದ ಭಾಗಿಸಿದರೆ 254 ಕೆಜಿ ಚಿಲ್ಲರೆ. ಮುಂದಿನ ಬೆದೆಗೆ, ಬೆಳಿಗ್ಗೆ ತಿಳಿ ಲೋಳೆ ಕಂಡಿತ್ತು, ಸಂಜೆ ಹಾಕಿಸಿದೆವು. ಚೊಚ್ಚಲಿಗೆ ದೊಡ್ಡ ಕರು ಹುಟ್ಟಿಸುವ ಹೋರಿ ಬೇಡ ಅಂತ ಡಾಕ್ಟರಿಗೆ ಮೊದಲೇ ಹೇಳಿದ್ದೆ. ಮೂರು ತಿಂಗಳಿಗೆ ಗಬ್ಬದ ಪರೀಕ್ಷೆ ಮಾಡಿಸಿದೆವು.

ಗಬ್ಬದಲ್ಲೂ ಅವಳು ಬೆಳೆಯುತ್ತಲೇ ಇರಬೇಕು. ಕರು ಹಾಕುವ ಹೊತ್ತಿಗೆ ದೊಡ್ಡ ಹಸುವಿನ ತೂಕದ ಶೇಕಡಾ 80ರ ಮೇಲಿರಬೇಕು. ಅಂದರೆ ನಮ್ಮಲ್ಲಿ 340 ಕೆಜಿ. ಕೊನೆಯ ಎರಡು ತಿಂಗಳು ಹಿಂಡಿ ಸ್ವಲ್ಪ ಸ್ವಲ್ಪವೇ ಏರಿಸಿ ಮೂರು ಕೆಜಿಗೆ ತಂದೆ. ಹಾಲು ಕರೆಯುವ ಜಾಗದಲ್ಲೇ ಕಟ್ಟಿ ದಿನವೂ ಬೆನ್ನು, ತೊಡೆ ಸವರಿದೆ, ಮುಟ್ಟಿದರೆ ಒದೆಯುವುದು ಬಿಟ್ಟಳು. ಎರಡು ವರ್ಷ ದಾಟಿ ಒಂದು ತಿಂಗಳಿಗೆ ಯಾರೂ ಎಳೆಯದೆ ಹೆಣ್ಣುಕರು ಹಾಕಿದಳು. ಚೊಚ್ಚಲ ಹಸು ಹಾಲು ಕೊಡುತ್ತಲೇ ತಾನೂ ಬೆಳೆಯುತ್ತಿರುತ್ತದೆ. ಅದಕ್ಕೆ ಈಗ ಹಾಲಿನ ಲೆಕ್ಕದ ಹಿಂಡಿಯ ಮೇಲೆ ದಿನಕ್ಕೆ ಒಂದು ಕೆಜಿ ಜಾಸ್ತಿ ಕೊಡುತ್ತಿದ್ದೇನೆ.