ಒಂದೇ ಸೊನ್ನೆ, ಐದು ಉಚ್ಚಾರ

ವಿಜಯಪುರದ ಸಮೀಪದ ಹಳ್ಳಿಯೊಂದರಲ್ಲಿ ಮೂರನೆಯ ತರಗತಿಗೆ ಉಕ್ತಲೇಖನ ಹೇಳುತ್ತಿದ್ದಾಗ ಹುಡುಗಿಯೊಬ್ಬಳು ‘ಕಂಬಳಿ’ಯನ್ನು ‘ಕಮ್ಬಳಿ’ ಎಂದು ಬರೆದಿದ್ದಳು. ನಾನು ಕೆಂಪು ಗೀಟು ಎಳೆದೆ. “ಸರ್, ಕಂಬಳ್ಯಾಗ ಮ ಕೇಳಸ್ತೈತ್ರಿ, ಸೊನ್ನಿ ಯಾಕ ಬರೀಬೇಕ್ರಿ?” ಎಂದು ಅವಳು ಕೇಳಿದಾಗ ರೂಢಿ ಎನ್ನುವುದರ ಹೊರತು ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಗೋಡೆಯ ಮೇಲಿನ ವರ್ಣಮಾಲೆಯ ಪಟದಲ್ಲಿಯೇ ಇತ್ತು. ಕ, ಚ, ಟ, ತ, ಪ ವರ್ಗಗಳ ಐದು ಸಾಲುಗಳು ಕಂಠ, ತಾಲು, ಮೂರ್ಧ, ದಂತ, ಓಷ್ಠ ಎಂಬ ಕ್ರಮದಲ್ಲಿ, ಅಂದರೆ ಬಾಯಿಯ ಹಿಂಭಾಗದಿಂದ ತುಟಿಯವರೆಗೆ, ಇಳಿದು ಬರುತ್ತವೆ. ನಾನು ಅದುವರೆಗೆ ಅವನ್ನು ಅಡ್ಡಡ್ಡಲಾಗಿ ಮಾತ್ರ ಬಾಯಿಪಾಠ ಮಾಡಿಸಿದ್ದೆ. ಆ ದಿನ ಕೊನೆಯ ಅಕ್ಷರಗಳನ್ನಷ್ಟೇ ಮೇಲಿನಿಂದ ಕೆಳಕ್ಕೆ ಓದಿದೆ: ಙ, ಞ, ಣ, ನ, ಮ.

ಮರುದಿನ ಮಕ್ಕಳಿಗೆ ಬೆಂಕಿ, ಮಂಚ, ಗಂಟೆ, ಹಂದಿ, ಕಂಬಳಿ ಎಂಬ ಪದಗಳನ್ನು ಕೊಟ್ಟು, ಪ್ರತಿಯೊಂದನ್ನೂ ಸೊನ್ನೆಯವರೆಗೆ ಹೇಳಿ, ಮುಂದಿನ ಅಕ್ಷರ ಹೊರಬೀಳುವ ಮೊದಲೇ ನಿಲ್ಲಿಸಿ, ನಾಲಿಗೆ ಎಲ್ಲಿದೆ ಎಂದು ನೋಡಿಕೊಳ್ಳಲು ಹೇಳಿದೆ. ‘ಬೆಂ’ ಎಂಬಲ್ಲಿ ನಾಲಿಗೆಯ ಬುಡ ಹಿಂದಕ್ಕೆ ಎದ್ದಿತ್ತು. ‘ಮಂ’ ಎಂಬಲ್ಲಿ ನಡುನಾಲಿಗೆ ಅಂಗುಳಕ್ಕೆ ತಾಗಿತ್ತು. ‘ಗಂ’ ಎಂಬಲ್ಲಿ ತುದಿ ಮೇಲಕ್ಕೆ ಮಡಚಿತ್ತು. ‘ಹಂ’ ಎಂಬಲ್ಲಿ ಹಲ್ಲಿಗೆ ಒತ್ತಿತ್ತು. ‘ಕಂ’ ಎಂಬಲ್ಲಿ ತುಟಿಗಳೇ ಮುಚ್ಚಿದ್ದವು. ಮುಂದಿನ ವ್ಯಂಜನ ಯಾವ ಸಾಲಿನದೋ ಆ ಸಾಲಿನ ಅನುನಾಸಿಕವೇ ಸೊನ್ನೆಯ ಉಚ್ಚಾರ. ಹುಡುಗಿಗೆ ಕೇಳಿಸಿದ್ದು ಸರಿಯಾಗಿಯೇ ಇತ್ತು; ಐದೂ ಅನುನಾಸಿಕಗಳಿಗೆ ಒಂದೇ ಗುರುತನ್ನು ಬಳಸುವುದು ಬರವಣಿಗೆಯ ಅನುಕೂಲವಷ್ಟೇ.

ಇಲ್ಲಿ ಮಕ್ಕಳು ಒಂದು ತಪ್ಪು ಮಾಡಿದರು. ನಿಯಮ ಸಿಕ್ಕ ಹುರುಪಿನಲ್ಲಿ ಕೆಲವರು ‘ಅಮ್ಮ’ನನ್ನು ‘ಅಂಮ’ ಎಂದೂ ‘ಅಣ್ಣ’ನನ್ನು ‘ಅಂಣ’ ಎಂದೂ ಬರೆದರು. ಅನುನಾಸಿಕವೇ ಇಮ್ಮಡಿಸಿದರೆ ಇಂದಿನ ಬರವಣಿಗೆಯಲ್ಲಿ ಒತ್ತಕ್ಷರ ಬರುತ್ತದೆ ಎಂದು ಬೇರೆಯಾಗಿ ಹೇಳಬೇಕಾಯಿತು. ‘ಸಿಂಹ’, ‘ಸಂವಾದ’ಗಳಲ್ಲಿಯೂ ಪಟ ಕೈಕೊಡುತ್ತದೆ, ಏಕೆಂದರೆ ಹ, ವ ಅವರ್ಗೀಯಗಳಾದ್ದರಿಂದ ಅವುಗಳ ಸಾಲಿಗೆ ಸ್ವಂತ ಅನುನಾಸಿಕವಿಲ್ಲ; ಅಲ್ಲಿ ನಾವು ಸಾಮಾನ್ಯವಾಗಿ ಮಕಾರವನ್ನೇ ಉಚ್ಚರಿಸುತ್ತೇವೆ.

ಸ್ವರಗಳಿಗೂ ಇದೇ ಸ್ಥಾನಗಳಿವೆ: ಇ, ಈ ಚವರ್ಗದಂತೆ ತಾಲವ್ಯ, ಉ, ಊ ಪವರ್ಗದಂತೆ ಓಷ್ಠ್ಯ. ‘ಗಿರಿಯನ್ನು’ ಎಂಬಲ್ಲಿ ತಾಲವ್ಯವಾದ ಯಕಾರವೂ ‘ಗುರುವನ್ನು’ ಎಂಬಲ್ಲಿ ತುಟಿಯ ವಕಾರವೂ ನಡುವೆ ಬರುವುದಕ್ಕೆ ಈ ನೆರೆಹೊರೆಯೇ ಕಾರಣ. ಒಂದು ಮಾತು: ‘ಕಂಠ್ಯ’ ಎಂಬ ಹೆಸರನ್ನು ಅಕ್ಷರಶಃ ನಂಬಿ ಮಕ್ಕಳು ಗಂಟಲಲ್ಲಿ ಕಕಾರವನ್ನು ಹುಡುಕುತ್ತಾರೆ, ಆದರೆ ನಾಲಿಗೆ ತಾಗುವುದು ಅಂಗುಳದ ಹಿಂದಿನ ಮೆತ್ತನೆಯ ಭಾಗಕ್ಕೆ.

ಹುಡುಗಿಯ ಪಟ್ಟಿಯಲ್ಲಿ ಆ ಕೆಂಪು ಗೀಟಿನ ಪಕ್ಕದಲ್ಲಿ ‘ಕೇಳಿಸಿದ್ದು ಸರಿ’ ಎಂದು ಬರೆದುಕೊಟ್ಟೆ.