ಹಳೆಯ ಮಾಲೀಕರ ಖಾತೆಯಲ್ಲಿ ಸಿಕ್ಕಿಕೊಂಡ ಪಿಎಸ್ 4: ನಾನು ಬಿಡಿಸಿದ ಬಗೆ

ಹಾಸನದಲ್ಲಿರುವ ನನ್ನ ರಿಪೇರಿ ಅಂಗಡಿಗೆ ಮೊಬೈಲು, ಲ್ಯಾಪ್‌ಟಾಪುಗಳ ನಡುವೆ ಆಗಾಗ ಸೆಕೆಂಡ್ ಹ್ಯಾಂಡ್ ಪ್ಲೇಸ್ಟೇಷನ್‌ಗಳೂ ಬರುತ್ತವೆ. ಅವುಗಳಲ್ಲಿ ಕೆಲವಕ್ಕೆ ಸ್ಕ್ರೂಡ್ರೈವರ್ ಮುಟ್ಟಿಸುವ ಅಗತ್ಯವೇ ಇರುವುದಿಲ್ಲ. ಯಂತ್ರ ಕೈ ಬದಲಾಯಿಸಿರುತ್ತದೆ, ಆದರೆ ಅದರೊಳಗಿನ ಖಾತೆ ಇನ್ನೂ ಮಾರಿದವರದೇ ಆಗಿರುತ್ತದೆ. ಬೇಲೂರಿನ ಕಡೆಯ ಒಬ್ಬ ಯುವಕ ತಂದ ಪಿಎಸ್ 4 ಸ್ಲಿಮ್ ಅಂಥದ್ದೇ ಪ್ರಕರಣವಾಗಿದ್ದರಿಂದ ಅದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಆತ ಅದನ್ನು ಬೆಂಗಳೂರಿನ ಒಬ್ಬರಿಂದ ಕೊಂಡಿದ್ದ. ಗೇಮುಗಳೆಲ್ಲ ಲೋಡ್ ಆಗಿವೆ, ಬೇರೆ ಏನೂ ಕೊಳ್ಳಬೇಕಾಗಿಲ್ಲ ಎಂಬ ಮಾತಿಗೆ ಒಂದಿಷ್ಟು ಹಣವನ್ನೂ ಹೆಚ್ಚಿಗೆ ಕೊಟ್ಟಿದ್ದ. ಮಾರಿದವರ ಹೆಸರಿನಲ್ಲಿದ್ದ ಯೂಸರ್‌ನಲ್ಲೇ ಕೆಲವು ವಾರ ಆಡಿದ್ದಾನೆ. ಆಮೇಲೆ ಒಂದು ದಿನ ಗೇಮುಗಳ ಚಿತ್ರದ ಮೇಲೆಲ್ಲ ಬೀಗದ ಗುರುತು ಮೂಡಿದೆ. "ಅಣ್ಣ, ನಿನ್ನೆ ರಾತ್ರಿವರೆಗೂ ಆಡಿದೀನಿ, ಬೆಳಗ್ಗೆ ನೋಡಿದ್ರೆ ಒಂದೂ ಓಪನ್ ಆಗ್ತಿಲ್ಲ, ಹಾರ್ಡ್ ಡಿಸ್ಕ್ ಹೋಯ್ತಾ?" ಎಂದು ಕೇಳಿದ. ಹಾರ್ಡ್ ಡಿಸ್ಕ್ ಚೆನ್ನಾಗಿಯೇ ಇತ್ತು. ಡಿಸ್ಕ್ ಕೆಟ್ಟರೆ ಗೇಮು ನಡುವೆ ನಿಲ್ಲುತ್ತದೆ, ಕಾಪಿ ಆಗುವಾಗ ದೋಷ ತೋರಿಸುತ್ತದೆ, ಇಲ್ಲವೇ ಯಂತ್ರ ಮತ್ತೆ ಮತ್ತೆ ಸೇಫ್ ಮೋಡ್‌ಗೆ ಹೋಗುತ್ತದೆ. ಡಿಜಿಟಲ್ ಗೇಮುಗಳೆಲ್ಲ ಒಟ್ಟಿಗೆ ಬೀಗ ತೋರಿಸಿದರೆ ಅದು ಪರವಾನಗಿಯ ವಿಷಯ.

ಇದರ ಕಾರಣ ಹೀಗಿದೆ. ಪ್ಲೇಸ್ಟೇಷನ್ ಸ್ಟೋರಿನಲ್ಲಿ ಕೊಂಡ ಗೇಮು ಸೇರುವುದು ಕೊಂಡವರ ಖಾತೆಗೆ. ಹಾರ್ಡ್ ಡಿಸ್ಕಿನಲ್ಲಿರುವುದು ಅದರ ಪ್ರತಿ ಮಾತ್ರ. ಒಂದು ಖಾತೆಯವರು ಒಂದು ಪಿಎಸ್ 4 ಅನ್ನು ತಮ್ಮ ಪ್ರೈಮರಿ ಯಂತ್ರವೆಂದು ಆ್ಯಕ್ಟಿವೇಟ್ ಮಾಡಿದರೆ, ಅವರ ಗೇಮುಗಳನ್ನು ಆ ಯಂತ್ರದಲ್ಲಿ ಯಾವ ಯೂಸರ್ ಬೇಕಾದರೂ ಇಂಟರ್ನೆಟ್ ಇಲ್ಲದೆಯೂ ಆಡಬಹುದು. ಆದರೆ ಒಂದು ಖಾತೆಗೆ ಪ್ರೈಮರಿ ಪಿಎಸ್ 4 ಒಂದೇ. ಮಾರಿದವರು ಇನ್ನೊಂದು ಪಿಎಸ್ 4 ತಂದು ಅದನ್ನು ಪ್ರೈಮರಿ ಮಾಡಬೇಕೆಂದರೆ ಹಳೆಯದರ ಆ್ಯಕ್ಟಿವೇಶನ್ ತೆಗೆಯಲೇಬೇಕು. ಯಂತ್ರ ಎದುರಿಗಿಲ್ಲದಿದ್ದರೂ ಖಾತೆಯ ವೆಬ್‌ಪುಟದಿಂದ ಎಲ್ಲ ಯಂತ್ರಗಳ ಆ್ಯಕ್ಟಿವೇಶನ್ ಅನ್ನು ಒಟ್ಟಿಗೆ ತೆಗೆಯುವ ಅವಕಾಶ ಅವರಿಗೆ 6 ತಿಂಗಳಿಗೊಮ್ಮೆ ಇದೆ. ಇಲ್ಲಿ ನಡೆದದ್ದೂ ಅದೇ. ಫೋನ್ ಮಾಡಿದಾಗ ಅವರೇ ಒಪ್ಪಿಕೊಂಡರು: "ನಾನು ಬೇರೆ ತಗೊಂಡೆ ಸಾರ್, ನನ್ನ ಗೇಮ್ಸ್ ನನಗೆ ಬೇಕಲ್ವಾ? ಪಾಸ್‌ವರ್ಡೂ ಚೇಂಜ್ ಮಾಡ್ದೆ." ಖಾತೆ ಅವರದು, ಇಮೇಲ್ ಅವರದು, ಅವರು ಮಾಡಿದ್ದನ್ನು ಈ ಕಡೆಯಿಂದ ತಡೆಯಲು ಯಾವ ದಾರಿಯೂ ಇಲ್ಲ. ಯುವಕ ಎಲ್ಲೋ ನೋಡಿಕೊಂಡು "Restore Licenses" ಒತ್ತಿ ನೋಡಿದ್ದ. ಅದು ಸೈನ್ ಇನ್ ಆದ ಖಾತೆಯೇ ಕೊಂಡ ಗೇಮುಗಳಿಗೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಹೆಚ್ಚಿಗೆ ಕೊಟ್ಟ ಹಣ ಹೋಯಿತೆಂದೇ ಅವನಿಗೆ ಹೇಳಬೇಕಾಯಿತು.

ಇನ್ನೊಂದು ತೊಡಕೂ ಇತ್ತು. ತನ್ನ ಹೆಸರಿನಲ್ಲಿ ಹೊಸ ಯೂಸರ್ ಮಾಡಿಕೊಳ್ಳಲು ಹೋದರೆ ಯಂತ್ರ ಪಾಸ್‌ಕೋಡ್ ಕೇಳುತ್ತಿತ್ತು. ಮನೆಯಲ್ಲಿ ಮಕ್ಕಳಿದ್ದವರು ಪೇರೆಂಟಲ್ ಕಂಟ್ರೋಲ್‌ನಲ್ಲಿ ಹೊಸ ಯೂಸರ್ ಸೃಷ್ಟಿಯನ್ನು ನಿರ್ಬಂಧಿಸಿರುವುದುಂಟು. ಆ ಪಾಸ್‌ಕೋಡ್ ಬದಲಾಯಿಸದೆ ಬಿಟ್ಟಿದ್ದರೆ 0000 ಆಗಿರುತ್ತದೆ, ಆದ್ದರಿಂದ ಮೊದಲು ಅದನ್ನೇ ಹಾಕಿ ನೋಡುತ್ತೇನೆ. ಇದರಲ್ಲಿ ಅದು ಹಿಡಿಯಲಿಲ್ಲ, ಮಾರಿದವರಿಗೂ ನೆನಪಿರಲಿಲ್ಲ. ಹಾಗಾದಾಗ ಊಹಿಸುತ್ತ ಕೂರುವುದಕ್ಕಿಂತ ಸೇಫ್ ಮೋಡ್‌ನಿಂದ ಯಂತ್ರವನ್ನು ಪೂರ್ತಿ ಅಳಿಸುವುದು ಮೇಲು, ಏಕೆಂದರೆ ಅಲ್ಲಿ ಹಳೆಯ ಖಾತೆಯ ಪಾಸ್‌ವರ್ಡನ್ನಾಗಲಿ ಪಾಸ್‌ಕೋಡನ್ನಾಗಲಿ ಕೇಳುವುದಿಲ್ಲ. ಅಳಿಸುವ ಮುನ್ನ ಯುವಕನಿಗೆ ಒಂದು ವಿಷಯವನ್ನು ಸ್ಪಷ್ಟಪಡಿಸಿದೆ: ಅವನು ಇಷ್ಟು ದಿನ ಆಡಿ ಉಳಿಸಿಕೊಂಡ ಸೇವ್‌ಗಳು ಮಾರಿದವರ ಖಾತೆಗೆ ಅಂಟಿಕೊಂಡಿರುವುದರಿಂದ ಪೆನ್‌ಡ್ರೈವ್‌ಗೆ ತೆಗೆದಿಟ್ಟರೂ ಅವನ ಖಾತೆಯಲ್ಲಿ ನಡೆಯುವುದಿಲ್ಲ. ಬೀಗಕ್ಕಿಂತ ಈ ಮಾತಿಗೇ ಅವನು ಹೆಚ್ಚು ಪೆಚ್ಚಾದ.

ಸೇಫ್ ಮೋಡ್‌ಗೆ ಹೋಗಲು ಯಂತ್ರ ರೆಸ್ಟ್ ಮೋಡ್‌ನಲ್ಲಿರದೆ ಪೂರ್ತಿ ಆಫ್ ಆಗಿರಬೇಕು. ಪವರ್ ಬಟನ್ ಒತ್ತಿದ ಕೂಡಲೇ ಒಂದು ಬೀಪ್ ಕೇಳುತ್ತದೆ. ಬಿಡದೆ ಹಿಡಿದುಕೊಂಡರೆ ಸುಮಾರು 7 ಸೆಕೆಂಡಿಗೆ ಎರಡನೆಯ ಬೀಪ್ ಕೇಳುತ್ತದೆ, ಆಗ ಬೆರಳು ತೆಗೆಯಬೇಕು. ಪರದೆಯ ಮೇಲೆ ಕಂಟ್ರೋಲರನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ಪಿಎಸ್ ಬಟನ್ ಒತ್ತಿರೆಂಬ ಸೂಚನೆ ಬರುತ್ತದೆ. ಬಹಳ ಜನ ಮನೆಯಲ್ಲೇ ಪ್ರಯತ್ನಿಸಿ ನಿಲ್ಲುವುದು ಇಲ್ಲಿ. ಮೊಬೈಲ್ ಜೊತೆ ಬಂದ ಅಗ್ಗದ ಕೇಬಲ್‌ಗಳಲ್ಲಿ ಎಷ್ಟೋ ಬರೀ ಚಾರ್ಜಿಂಗ್‌ಗೆ ಮಾಡಿದವು. ಅವುಗಳೊಳಗೆ ಡೇಟಾ ತಂತಿಯೇ ಇರುವುದಿಲ್ಲ, ಹಾಗಾಗಿ ಎಷ್ಟು ಒತ್ತಿದರೂ ಕಂಟ್ರೋಲರನ್ನು ಯಂತ್ರ ಗುರುತಿಸುವುದಿಲ್ಲ. ಅದೇ ಕೇಬಲ್‌ನಿಂದ ಫೋನನ್ನು ಕಂಪ್ಯೂಟರಿಗೆ ಜೋಡಿಸಿ ಫೈಲುಗಳು ಕಾಣುತ್ತವೆಯೇ ಎಂದು ನೋಡಿದರೆ ಗೊತ್ತಾಗುತ್ತದೆ.

ಮೆನುವಿನಲ್ಲಿ ನಾಲ್ಕನೆಯ "Restore Default Settings" ಸೆಟ್ಟಿಂಗ್‌ಗಳನ್ನಷ್ಟೇ ಮೊದಲಿನಂತೆ ಮಾಡುತ್ತದೆ, ಐದನೆಯ "Rebuild Database" ಪಟ್ಟಿಯನ್ನು ಮತ್ತೆ ಜೋಡಿಸುತ್ತದೆ. ಎರಡೂ ಹಳೆಯ ಯೂಸರ್‌ನನ್ನು ತೆಗೆಯುವುದಿಲ್ಲ. ನಮಗೆ ಬೇಕಾದದ್ದು ಆರನೆಯ "Initialize PS4". ಏಳನೆಯದು ಸಿಸ್ಟಂ ಸಾಫ್ಟ್‌ವೇರನ್ನೂ ಅಳಿಸಿ ಹೊಸದಾಗಿ ಹಾಕುವಂಥದ್ದು. ಹಾರ್ಡ್ ಡಿಸ್ಕ್ ಬದಲಾಯಿಸಿದಾಗ ಅಥವಾ ಸಾಫ್ಟ್‌ವೇರೇ ಕೆಟ್ಟಾಗ ಮಾತ್ರ ಅದನ್ನು ಆರಿಸುತ್ತೇನೆ, ಏಕೆಂದರೆ ಅದಕ್ಕೆ ಪೆನ್‌ಡ್ರೈವ್‌ನಲ್ಲಿ ರೀಇನ್‌ಸ್ಟಾಲ್ ಫೈಲ್ ಸಿದ್ಧವಿರಬೇಕು. ಮಾಮೂಲಿ ಅಪ್‌ಡೇಟ್ ಫೈಲಿನ ಹೆಸರೂ `PS4UPDATE.PUP` ಎಂದೇ ಇರುತ್ತದೆ, ಆದರೆ ಅದು ಈ ಕೆಲಸಕ್ಕೆ ಬರುವುದಿಲ್ಲ. ಇವೆಲ್ಲ ನಡೆಯುವಾಗ ಕರೆಂಟ್ ಹೋಗಬಾರದು. ಮಳೆಗಾಲದಲ್ಲಿ ನಮ್ಮ ಕಡೆಯ ಕರೆಂಟನ್ನು ನಂಬುವಂತಿಲ್ಲವಾದ್ದರಿಂದ ಯಂತ್ರವನ್ನೂ ಟಿವಿಯನ್ನೂ ಯುಪಿಎಸ್‌ಗೆ ಹಾಕಿಯೇ ಆರನೆಯದನ್ನು ಒತ್ತಿದೆ.

ಅಳಿಸಿ ಮುಗಿದ ಮೇಲೆ ಯಂತ್ರ ಹೊಸದರಂತೆ ಭಾಷೆ, ವೈಫೈ ಕೇಳಿತು. ಯುವಕನ ಖಾತೆಯಿಂದ ಸೈನ್ ಇನ್ ಮಾಡಿ, "Settings" ಒಳಗಿನ "Account Management" ನಲ್ಲಿ "Activate as Your Primary PS4" ಆರಿಸಿದೆ. ಮಾರಿದವರು ಆ್ಯಕ್ಟಿವೇಶನ್ ತೆಗೆಯದಿದ್ದರೆ ಇದು ಆಗುವುದಿಲ್ಲವೇನೋ ಎಂಬ ಭಯ ಹಲವರಿಗಿದೆ. ಹಾಗೇನಿಲ್ಲ, ಒಂದೇ ಯಂತ್ರ ಒಂದಕ್ಕಿಂತ ಹೆಚ್ಚು ಖಾತೆಗಳಿಗೆ ಪ್ರೈಮರಿ ಆಗಿರಬಹುದು. ತೆಗೆಯದೆ ಮಾರಿದರೆ ತೊಂದರೆ ಮಾರಿದವರಿಗೇ. ಡಿಸ್ಕ್ ಗೇಮುಗಳಿಗೆ ಇದಾವುದರ ಹಂಗೂ ಇಲ್ಲ. ಡಿಸ್ಕ್ ಯಾರ ಕೈಯಲ್ಲಿದೆಯೋ ಅವರು ಆಡಬಹುದು. ಗೇಮ್ ಲೋಡ್ ಆಗಿದೆ ಎಂಬುದಕ್ಕೆ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಬೇಡಿ, ಆ ಹಣಕ್ಕೆ ನಾಲ್ಕು ಹಳೆಯ ಡಿಸ್ಕ್ ಕೇಳಿ ಎಂದು ನಾನು ಹೇಳುವುದು ಇದಕ್ಕೇ.

ಇಷ್ಟಾದರೂ ಅಳಿಸುವುದರಿಂದ ಹೋಗದ ಸಮಸ್ಯೆಯೊಂದಿದೆ. ಖಾತೆಯನ್ನಷ್ಟೇ ಅಲ್ಲದೆ ಯಂತ್ರವನ್ನೇ ಪ್ಲೇಸ್ಟೇಷನ್ ನೆಟ್‌ವರ್ಕ್‌ನಿಂದ ನಿಷೇಧಿಸಿದ್ದರೆ, ಯಾವ ಖಾತೆ ಹಾಕಿದರೂ ಆನ್‌ಲೈನ್ ಹೋಗುವುದಿಲ್ಲ. ಹೊಸ ಹಾರ್ಡ್ ಡಿಸ್ಕ್ ಹಾಕಿದರೂ ಇದು ಸರಿಯಾಗುವುದಿಲ್ಲ, ಏಕೆಂದರೆ ನಿಷೇಧವಿರುವುದು ಯಂತ್ರದ ಗುರುತಿನ ಮೇಲೆ. ಇದನ್ನು ಮನೆಗೆ ತಂದ ಮೇಲೆ ಪತ್ತೆ ಹಚ್ಚಿ ಪ್ರಯೋಜನವಿಲ್ಲ. ಹಣ ಕೊಡುವ ಮುನ್ನ ಮಾರುವವರ ಮನೆಯಲ್ಲೇ ಅವರ ಕೈಯಿಂದ ಆ್ಯಕ್ಟಿವೇಶನ್ ತೆಗೆಸಿ, ಯಂತ್ರವನ್ನು ಅಳಿಸಿಸಿ, ನಿಮ್ಮ ಮೊಬೈಲಿನ ಹಾಟ್‌ಸ್ಪಾಟ್‌ಗೆ ಜೋಡಿಸಿ, ನಿಮ್ಮದೇ ಖಾತೆಯಿಂದ ಸೈನ್ ಇನ್ ಮಾಡಿ, ಸ್ಟೋರ್ ತೆರೆದುಕೊಳ್ಳುವುದನ್ನು ನೋಡಿ ಆಮೇಲೆ ದುಡ್ಡು ಎಣಿಸಿ.